ಕೋ-ಬ್ರ್ಯಾಂಡಿಂಗ್: ಯಾರ ಹೆಸರು ಮೊದಲು, ಯಾರ ಮಾನ ಯಾರ ಕೈಲಿ?

ಒಂದೇ ಸರಕಿನ ಮೇಲೆ ಎರಡು ಕಂಪನಿಗಳ ಹೆಸರು ಗ್ರಾಹಕರಿಗೆ ಕಾಣುವಂತೆ ಜೊತೆಯಾಗಿ ನಿಂತರೆ ಅದು ಕೋ-ಬ್ರ್ಯಾಂಡಿಂಗ್. ಇಲ್ಲಿ ಕಂಪನಿಗಳು ವಿಲೀನವಾಗುವುದಿಲ್ಲ. ಒಬ್ಬರ ಟ್ರೇಡ್‌ಮಾರ್ಕನ್ನು ಇನ್ನೊಬ್ಬರು ಇಂತಿಷ್ಟು ಕಾಲ, ಇಂತಿಂಥ ಷರತ್ತಿನ ಮೇಲೆ ಬಳಸಲು ಪರವಾನಗಿ ಪಡೆಯುತ್ತಾರೆ. ಹೆಸರು ಸೇರಿತೆಂದರೆ ಒಬ್ಬರ ತಪ್ಪಿಗೆ ಇಬ್ಬರ ಮಾನವೂ ಹೋಗಬಹುದು. ಇದಕ್ಕೆ ಕಂಪ್ಯೂಟರ್ ಚಿಪ್ ತಯಾರಿಸುವ ಇಂಟೆಲ್‌ನ ಕಥೆಗಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ಕಂಪ್ಯೂಟರ್ ಕೊಳ್ಳುವವರಿಗೆ ಒಳಗಿನ ಚಿಪ್ ಕಾಣುವುದಿಲ್ಲ. ಅದೂ ಅಲ್ಲದೆ ಚಿಪ್ಪಿಗಿಟ್ಟ 386ರಂಥ ಸಂಖ್ಯೆಯನ್ನು ತನ್ನದೇ ಹೆಸರೆಂದು ಕಾಪಾಡಿಕೊಳ್ಳಲು ಇಂಟೆಲ್‌ಗೆ ಕೋರ್ಟಿನಲ್ಲಿ ಆಗಲಿಲ್ಲ; ಪ್ರತಿಸ್ಪರ್ಧಿಗಳೂ ಅದೇ ಸಂಖ್ಯೆ ಬಳಸಬಹುದಿತ್ತು. ಹಾಗಾಗಿ 1991ರಲ್ಲಿ ಅದು ‘ಇಂಟೆಲ್ ಇನ್‌ಸೈಡ್’ ಎಂಬ ಗುರುತು ತಂದು ಕಂಪ್ಯೂಟರ್ ತಯಾರಕರ ಮುಂದೆ ಒಂದು ಪ್ರಸ್ತಾಪ ಇಟ್ಟಿತು: ನಿಮ್ಮ ಯಂತ್ರದ ಮೇಲೆ, ಜಾಹೀರಾತಿನಲ್ಲಿ ಇದನ್ನು ಹಾಕಿ, ಜಾಹೀರಾತಿನ ಖರ್ಚಿನಲ್ಲಿ ಒಂದು ಪಾಲು ನಾವು ಕೊಡುತ್ತೇವೆ. ಆ ಹಣ ಎಷ್ಟೆಂಬುದು ಅವರು ಕೊಂಡ ಚಿಪ್‌ಗಳ ಪ್ರಮಾಣದ ಮೇಲೆ ನಿಂತಿತ್ತು.

ಮೊದಲ ಸ್ಥಾನ ತಯಾರಕರಿಗೇ ಉಳಿಯಿತು. ಅದು ಸರಿಯಾದದ್ದೂ ಹೌದು. ಬಿಲ್ ಅವರದು, ವಾರಂಟಿ ಅವರದು, ಯಂತ್ರ ಕೆಟ್ಟರೆ ಫೋನ್ ಹೋಗುವುದೂ ಅವರಿಗೆ. ಯಾರ ಹೆಸರು ಮೊದಲು ಎಂಬ ಜಗಳ ಬಂದಾಗ ನಾನು ಮೊದಲು ನೋಡುವುದು ಇದನ್ನೇ: ಗ್ರಾಹಕರಿಗೆ ಉತ್ತರ ಕೊಡಬೇಕಾದವರು ಯಾರು? ಯಾವ ಕಂಪನಿ ದೊಡ್ಡದು ಎನ್ನುವುದು ಆಮೇಲಿನ ಮಾತು.

ಆದರೆ ಎರಡನೆಯ ಸ್ಥಾನದಲ್ಲಿದ್ದ ಆ ಚಿಕ್ಕ ಗುರುತೇ ನಿಧಾನವಾಗಿ ಮೇಲುಗೈ ಪಡೆಯಿತು. ಹತ್ತಾರು ತಯಾರಕರ ಯಂತ್ರಗಳ ಮೇಲೆ ಒಂದೇ ಗುರುತು ಕಂಡಾಗ, ಕೊಳ್ಳುವವರು ತಯಾರಕರ ಹೆಸರು ಬಿಟ್ಟು ಆ ಗುರುತನ್ನೇ ಹುಡುಕತೊಡಗುತ್ತಾರೆ. ಐಬಿಎಂ, ಕಾಂಪ್ಯಾಕ್‌ನಂಥ ಹೆಸರುವಾಸಿ ಕಂಪನಿಗಳಿಗೆ ಇದು ನಷ್ಟದ ಬಾಬ್ತು. ಹೊಸದಾಗಿ ಬಂದ ತಯಾರಕರೂ ಅದೇ ಗುರುತು ಅಂಟಿಸಿಕೊಂಡರೆ ಇವರ ಹೆಸರಿನ ಹೆಚ್ಚುಗಾರಿಕೆ ಏನು ಉಳಿಯಿತು? 1994ರಲ್ಲಿ ಇವೆರಡೂ ಆ ಯೋಜನೆಯಿಂದ ಹೊರಬಂದವು, ಮುಂದೆ ಮರಳಿದವು. ಲೋಗೋದ ಅಳತೆಯನ್ನು ಒಪ್ಪಂದದಲ್ಲಿ ಬರೆಯಬಹುದು. ಗ್ರಾಹಕರು ಅಂಗಡಿಯಲ್ಲಿ ಯಾವ ಹೆಸರು ಹೇಳಿ ಕೇಳುತ್ತಾರೆ ಎಂಬುದನ್ನು ಬರೆಯಲಾಗದು.

ಅದೇ ವರ್ಷ ಇಂಟೆಲ್ ತಯಾರಿಸಿದ ಪೆಂಟಿಯಂ ಚಿಪ್‌ನಲ್ಲಿ ದೋಷವೊಂದು ಬಯಲಾಯಿತು. ಗಣಿತದ ಪ್ರಾಧ್ಯಾಪಕ ಥಾಮಸ್ ನೈಸ್ಲಿ ತಮ್ಮ ಲೆಕ್ಕಗಳಲ್ಲಿ ಗುರುತಿಸಿದ್ದು ಇದು: ಕೆಲವು ಸಂಖ್ಯೆಗಳನ್ನು ಭಾಗಿಸಿದಾಗ ದಶಮಾಂಶದ ಮುಂದಿನ ಅಂಕಿಗಳು ತಪ್ಪಾಗಿ ಬರುತ್ತಿದ್ದವು. ಸಾಮಾನ್ಯ ಬಳಕೆದಾರರಿಗೆ ಇದರಿಂದ ತೊಂದರೆಯಿಲ್ಲ, ನಿಜಕ್ಕೂ ಅಗತ್ಯವಿದೆಯೆಂದು ತೋರಿಸಿದವರಿಗೆ ಮಾತ್ರ ಬದಲಿ ಕೊಡುತ್ತೇವೆ ಎಂದಿತು ಇಂಟೆಲ್. ಡಿಸೆಂಬರ್ 12ರಂದು ಐಬಿಎಂ ಪೆಂಟಿಯಂ ಯಂತ್ರಗಳ ರವಾನೆಯನ್ನೇ ನಿಲ್ಲಿಸಿತು. ಡಿಸೆಂಬರ್ 20ರಂದು ಇಂಟೆಲ್ ಮಣಿದು, ಕೇಳಿದವರಿಗೆಲ್ಲ ಚಿಪ್ ಬದಲಿಸಿಕೊಡಲು ಒಪ್ಪಿತು. ಲೆಕ್ಕಪುಸ್ತಕದಲ್ಲಿ 47.5 ಕೋಟಿ ಡಾಲರ್ ಖರ್ಚು ಬಿತ್ತು.

ಈ ಪ್ರಕರಣದಲ್ಲಿ ತಯಾರಕರ ಸ್ಥಿತಿ ನೋಡಿ. ದೋಷ ಅವರದಲ್ಲ, ಬದಲಿ ಕೊಡುವ ನಿಯಮ ಅವರು ಮಾಡಿದ್ದಲ್ಲ, ಆದರೆ ಯಂತ್ರದ ಮೇಲೆ ಮೊದಲ ಹೆಸರು ಅವರದು. ರವಾನೆ ನಿಲ್ಲಿಸಿ ತನ್ನ ಹೆಸರನ್ನು ದೂರ ಸರಿಸಿಕೊಳ್ಳುವ ಶಕ್ತಿ ಐಬಿಎಂಗೆ ಇತ್ತು. ಸಣ್ಣ ಕಂಪನಿಗೆ ಆ ಶಕ್ತಿ ಒಪ್ಪಂದದಿಂದಲೇ ಬರಬೇಕು.

ಆದ್ದರಿಂದ ಇಂಥ ಒಪ್ಪಂದದಲ್ಲಿ ನಾನು ಹುಡುಕುವುದು ಮುಖ್ಯವಾಗಿ ಎರಡು ವಿಷಯ. ಒಂದು, ಒಪ್ಪಿಗೆಯ ಹಕ್ಕು. ನಮ್ಮ ಗುರುತಿರುವ ಪ್ರತಿ ಪೊಟ್ಟಣ, ಪ್ರತಿ ಜಾಹೀರಾತು ಮುದ್ರಣಕ್ಕೆ ಮುಂಚೆ ನಮ್ಮ ಕಣ್ಣಿಗೆ ಬೀಳಬೇಕು; ನಿಗದಿತ ದಿನಗಳೊಳಗೆ ಉತ್ತರ ಬರದಿದ್ದರೆ ಅದು ನಿರಾಕರಣೆ ಎಂದೇ ಬರೆದಿರಬೇಕು. ‘ಮೌನ ಸಮ್ಮತಿ’ ಎಂದು ಬರೆದಿದ್ದರೆ, ಕೆಲಸದ ಒತ್ತಡದ ವಾರದಲ್ಲಿ ಆ ಹಕ್ಕು ಸದ್ದಿಲ್ಲದೆ ಕೈತಪ್ಪುತ್ತದೆ. ಗುಣಮಟ್ಟದ ಮೇಲೆ ಕಣ್ಣಿಡದೆ ಪರವಾನಗಿ ಕೊಟ್ಟವರ ಟ್ರೇಡ್‌ಮಾರ್ಕ್ ಹಕ್ಕೇ ದುರ್ಬಲವಾಗುತ್ತದೆಂಬ ಕಾನೂನಿನ ಭಯವೂ ಹಲವು ದೇಶಗಳಲ್ಲಿದೆ.

ಇನ್ನೊಂದು, ಹೊರಬರುವ ದಾರಿ. ‘ಹೆಸರಿಗೆ ಕಳಂಕ ಬಂದರೆ ರದ್ದುಪಡಿಸಬಹುದು’ ಎಂದಷ್ಟೇ ಬರೆದರೆ, ಕಳಂಕ ಬಂದಿದೆಯೋ ಇಲ್ಲವೋ ಎಂದು ತೀರ್ಮಾನಿಸುವಷ್ಟರಲ್ಲಿ ತಿಂಗಳುಗಳೇ ಕಳೆಯುತ್ತವೆ. ರವಾನೆ ತಕ್ಷಣ ತಡೆಯುವ ಹಕ್ಕು, ದೋಷ ಕಂಡಾಗ ಸಾರ್ವಜನಿಕರ ಮುಂದೆ ಮೊದಲು ಮಾತಾಡುವವರು ಯಾರು, ಮರಳಿ ಪಡೆಯುವ ಖರ್ಚು ಯಾರದು ಎಂಬುದು ಬೇರೆಬೇರೆಯಾಗಿ ನಮೂದಾಗಿರಬೇಕು. ಉಳಿದ ದಾಸ್ತಾನಿನ ಮಾತೂ ಇದೆ. ಅವಧಿ ಮುಗಿದು ಸ್ನೇಹದಿಂದ ಬೇರೆಯಾದರೆ ಇದ್ದ ಸರಕು ಮಾರಿ ಮುಗಿಸಲು ಕೆಲವು ತಿಂಗಳು ಕೊಡುವುದು ರೂಢಿ. ದೋಷದಿಂದಲೋ ಹಗರಣದಿಂದಲೋ ಬೇರೆಯಾದರೆ ಆ ಸವಲತ್ತು ಇರಬಾರದು.