ಎತ್ತರದ ಕಟ್ಟಡ, ಒರಗಿದ ಗೋಡೆ, ಖಾಲಿ ಮೂಲೆ

ಮಡಿಕೇರಿಯಲ್ಲಿ ಕಟ್ಟಡದ ಫೋಟೋ ತೆಗೆಯುವವರಿಗೆ ಹಿಂದೆ ಸರಿಯೋಕೆ ಜಾಗ ಸಿಗೋದಿಲ್ಲ. ರಸ್ತೆ ಇಕ್ಕಟ್ಟು. ಒಂದು ಕಡೆ ಏರು, ಇನ್ನೊಂದು ಕಡೆ ಇಳಿಜಾರು. ನಾಲ್ಕು ಅಂತಸ್ತಿನ ಲಾಡ್ಜನ್ನು ಪೂರ್ತಿ ಚೌಕಟ್ಟಿನೊಳಗೆ ತರಬೇಕಾದರೆ ಕ್ಯಾಮೆರಾವನ್ನು ಮೇಲಕ್ಕೆ ಎತ್ತಲೇಬೇಕು. ಎತ್ತಿದ ಕೂಡಲೇ ಎರಡೂ ಬದಿಯ ಗೋಡೆಗಳು ಮೇಲೆ ಹೋಗ್ತಾ ಹೋಗ್ತಾ ಒಂದಕ್ಕೊಂದು ಹತ್ತಿರ ಬರುತ್ತವೆ. ಹಾಗೆ ತೆಗೆದ ಒಂದು ಚಿತ್ರವನ್ನು ಮೊಬೈಲಿನಲ್ಲಿ ನೋಡಿದ ಲಾಡ್ಜ್ ಮಾಲೀಕರು, "ಏನ್ ಸರ್, ನಮ್ಮ ಬಿಲ್ಡಿಂಗ್ ಹಿಂದಕ್ಕೆ ಬೀಳೋ ಹಾಗಿದೆಯಲ್ಲ" ಅಂದರು. ಅವರು ಹೇಳಿದ್ದು ಸರಿ. ಆ ಒಂದು ಚಿತ್ರವನ್ನು ಹೇಗೆ ಸರಿಮಾಡಿದೆ ಅನ್ನೋದನ್ನು ಅಳತೆ ಸಮೇತ ಇಲ್ಲಿ ಹೇಳುತ್ತೇನೆ.

ಮೊದಲು ಕಾರಣ ನೋಡೋಣ. ಇದು ಲೆನ್ಸಿನ ದೋಷ ಅಲ್ಲ. ಕ್ಯಾಮೆರಾದ ಸೆನ್ಸರ್ ಗೋಡೆಗೆ ಸಮಾನಾಂತರವಾಗಿದ್ದರೆ ಗೋಡೆಯ ಗೆರೆಗಳು ಚಿತ್ರದಲ್ಲೂ ನೆಟ್ಟಗೇ ಬರುತ್ತವೆ. ಕ್ಯಾಮೆರಾ ಮೇಲಕ್ಕೆ ವಾಲಿದಾಗ ಆ ಹೊಂದಿಕೆ ತಪ್ಪುತ್ತೆ. ಕಟ್ಟಡದ ತಲೆ ಬುಡಕ್ಕಿಂತ ದೂರ ಇದೆ ಅಂತ ಚಿತ್ರ ಲೆಕ್ಕ ಹಾಕುತ್ತೆ, ದೂರ ಇದ್ದದ್ದು ಚಿಕ್ಕದಾಗಿ ಬರುತ್ತೆ. ಕ್ಯಾಮೆರಾ ವಾಲಿದ್ದರೆ ದುಬಾರಿ ಲೆನ್ಸ್ ಹಾಕಿದರೂ ಇದು ತಪ್ಪೋದಿಲ್ಲ.

ನಾನು ಬಳಸಿದ್ದು 24 ಎಂ.ಎಂ. ಲೆನ್ಸ್, ಫುಲ್ ಫ್ರೇಮ್ ಕ್ಯಾಮೆರಾ, ಉದ್ದಕ್ಕೆ ನಿಲ್ಲಿಸಿ ಹಿಡಿದದ್ದು. ಚಿತ್ರ 4000 ಪಿಕ್ಸೆಲ್ ಅಗಲ, 6000 ಪಿಕ್ಸೆಲ್ ಎತ್ತರ. ನಾನು ನಿಂತದ್ದು ಗೋಡೆಯಿಂದ ಸುಮಾರು 33 ಅಡಿ ದೂರದಲ್ಲಿ, ಎದುರಂಗಡಿಯ ಜಗಲಿಗೆ ಬೆನ್ನು ತಾಗಿಸಿ. ಕಟ್ಟಡ 41 ಅಡಿ ಎತ್ತರ, 26 ಅಡಿ ಅಗಲ. ಕ್ಯಾಮೆರಾ ವಾಲಿದ್ದು ಸುಮಾರು 15 ಡಿಗ್ರಿ. ಇಷ್ಟಕ್ಕೇ ಚಿತ್ರದಲ್ಲಿ ಕಟ್ಟಡದ ಬುಡ 3430 ಪಿಕ್ಸೆಲ್ ಅಗಲ ಬಂದರೆ, ತಾರಸಿಯ ಹತ್ತಿರ 2540 ಮಾತ್ರ ಬಂತು. ಅಂದರೆ ನಾಲ್ಕರಲ್ಲಿ ಒಂದು ಪಾಲು ಕಮ್ಮಿ. ನೋಡಿದವರಿಗೆ ಬೀಳೋ ಹಾಗೆ ಕಂಡದ್ದರಲ್ಲಿ ಆಶ್ಚರ್ಯ ಇಲ್ಲ.

ಸರಿಪಡಿಸಲು ಗಿಂಪ್ ಅನ್ನೋ ಫೋಟೋ ತಿದ್ದುವ ತಂತ್ರಾಂಶ ತೆಗೆದುಕೊಂಡೆ. ಅದು ಉಚಿತ, ನಮ್ಮ ಸ್ಟುಡಿಯೋದ ಹಳೇ ಕಂಪ್ಯೂಟರಿನಲ್ಲೂ ಓಡುತ್ತೆ. ಅದರಲ್ಲಿ Perspective ಅನ್ನೋ ಟೂಲ್ ಇದೆ, Shift+P ಒತ್ತಿದರೆ ಸಿಗುತ್ತೆ. ಅದರ ಆಯ್ಕೆಗಳಲ್ಲಿ Direction ಅನ್ನೋ ಕಡೆ Corrective ಅಂತ ಇಟ್ಟುಕೊಳ್ಳಿ. ಹೊಸಬರಿಗೆ ಇದು ಜಾಸ್ತಿ ಅನುಕೂಲ. ಈ ವಿಧಾನದಲ್ಲಿ ನೀವು ಚಿತ್ರವನ್ನು ಎಳೆಯೋದಿಲ್ಲ. ಚಿತ್ರದ ಮೇಲೆ ಕಾಣುವ ಗೆರೆಗಳ ಬಲೆಯನ್ನು ಒರಗಿದ ಗೋಡೆಗೆ ಹೊಂದಿಸುತ್ತೀರಿ. ಆಮೇಲೆ ಗಿಂಪ್ ಆ ಬಲೆಯನ್ನು ನೆಟ್ಟಗೆ ಮಾಡುತ್ತೆ, ಚಿತ್ರವೂ ಅದರ ಜೊತೆ ನೆಟ್ಟಗಾಗುತ್ತೆ.

ಕೆಳಗಿನ ಎರಡು ಮೂಲೆ ಇದ್ದಲ್ಲೇ ಇರಲಿ. ಮೇಲಿನ ಎರಡು ಮೂಲೆಗಳನ್ನು ಒಳಕ್ಕೆ ತನ್ನಿ. ಗೋಡೆಯ ಅಂಚಿನ ಪಕ್ಕದಲ್ಲಿ ಬೀಳುವ ಬಲೆಯ ಗೆರೆಗಳು ಗೋಡೆಯ ಅಂಚು ಒರಗಿದ ಹಾಗೇ ಒರಗಬೇಕು. ಈ ಚಿತ್ರದಲ್ಲಿ ಎರಡೂ ಕಡೆಯಿಂದ ಸುಮಾರು 670 ಪಿಕ್ಸೆಲ್ ಒಳಕ್ಕೆ ತರಬೇಕಾಯಿತು. ಎರಡೂ ಕಡೆ ಸಮ ಬಂದದ್ದು ಕ್ಯಾಮೆರಾ ಎಡಕ್ಕೋ ಬಲಕ್ಕೋ ವಾಲಿರಲಿಲ್ಲ ಅನ್ನೋ ಕಾರಣಕ್ಕೆ. ಹಾಗೆ ಪಕ್ಕಕ್ಕೆ ವಾಲಿದ್ದರೆ ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ ಬರುತ್ತೆ, ಅದು ತಪ್ಪಲ್ಲ. ಗೋಡೆಯ ಅಂಚನ್ನೇ ನಂಬಿ. ನೀರಿನ ಪೈಪು, ವಿದ್ಯುತ್ ಕಂಬ ಇವನ್ನು ನಂಬಬೇಡಿ. ನಮ್ಮ ಮಳೆಗೆ ಸಿಕ್ಕಿದ ಎಷ್ಟೋ ಕಂಬಗಳು ನಿಜವಾಗಿಯೂ ವಾಲಿಕೊಂಡೇ ನಿಂತಿರುತ್ತವೆ.

ಇನ್ನೊಂದು ಆಯ್ಕೆ Clipping. ಅದನ್ನು Adjust ಅಂತ ಇಡಿ. ಇಲ್ಲದಿದ್ದರೆ ಅಗಲವಾದ ಮೇಲ್ಭಾಗವನ್ನು ಗಿಂಪ್ ತಾನೇ ಕತ್ತರಿಸಿಬಿಡಬಹುದು. ಎಲ್ಲಿ ಕತ್ತರಿಸಬೇಕು ಅನ್ನೋದನ್ನು ನಾವು ತೀರ್ಮಾನ ಮಾಡಬೇಕು. ಬದಲಾವಣೆ ಆದ ಮೇಲೆ Image ಮೆನುವಿನಲ್ಲಿ Fit Canvas to Layers ಒತ್ತಿದರೆ ಇಡೀ ಆಕಾರ ಕಾಣುತ್ತೆ. ಬೋಗುಣಿಯ ಹಾಗೆ ಮೇಲೆ ಅಗಲ, ಕೆಳಗೆ ಸಣ್ಣ. ಈ ಚಿತ್ರದಲ್ಲಿ ಮೇಲೆ ಸುಮಾರು 6010 ಪಿಕ್ಸೆಲ್, ಕೆಳಗೆ 4000. ಕೆಳಗಿನ ಎರಡು ಮೂಲೆಗಳಲ್ಲಿ ಮುಕ್ಕೋನದ ಖಾಲಿ ಜಾಗ. ಅಲ್ಲಿ ಬೂದು ಬಣ್ಣದ ಚೌಕಗಳು ಕಾಣುತ್ತವೆ, ಅಂದರೆ ಅಲ್ಲಿ ಚಿತ್ರವೇ ಇಲ್ಲ.

ಇಷ್ಟಾದ ಕೂಡಲೇ ಕ್ರಾಪ್ ಮಾಡಿ ಮುಗಿಸುವವರೇ ಜಾಸ್ತಿ. ನಾನೂ ಮೊದಲ ಪ್ರತಿಯನ್ನು ಹಾಗೇ ಕಳಿಸಿದ್ದೆ. ಮಾಲೀಕರ ಉತ್ತರ ಹೀಗಿತ್ತು: "ನೆಟ್ಟಗೇನೋ ಆಯ್ತು ಸರ್. ಆದ್ರೆ ಒಂದು ಮಹಡಿ ಕಮ್ಮಿ ಆದ ಹಾಗೆ ಕಾಣ್ತದೆ." ನನ್ನ ಕಣ್ಣು ತಪ್ಪಿಸಿಕೊಂಡಿದ್ದನ್ನು ಅವರ ಕಣ್ಣು ಹಿಡಿಯಿತು. ದಿನಾ ನೋಡುವ ಕಟ್ಟಡ ಅಲ್ವಾ.

ಆದದ್ದು ಇಷ್ಟು. ಮೇಲ್ಭಾಗವನ್ನು ಅಡ್ಡಕ್ಕೆ ಒಂದೂವರೆ ಪಟ್ಟು ಹಿಗ್ಗಿಸಿದೆವು, ಎತ್ತರವನ್ನು ಮಾತ್ರ ಹಾಗೇ ಬಿಟ್ಟೆವು. ಹಾಗಾಗಿ ಕಟ್ಟಡ ಕುಳ್ಳಗಾಯಿತು. ಎಷ್ಟು ಕುಳ್ಳಗಾಗಿದೆ ಅಂತ ಅಂದಾಜಿನ ಮೇಲೆ ಹೇಳೋದು ಬೇಡ, ಅಳೆಯಬಹುದು. ಗೋಡೆಯ ಮಟ್ಟದಲ್ಲೇ ಇರುವ ಒಂದು ಬಾಗಿಲು ಸಾಕು. ಈ ಲಾಡ್ಜಿನ ನೆಲಮಹಡಿಯ ಬಾಗಿಲನ್ನು ಟೇಪ್ ಹಿಡಿದು ಅಳೆಸಿದೆ. 7 ಅಡಿ ಎತ್ತರ, ಮೂರೂವರೆ ಅಡಿ ಅಗಲ. ಎತ್ತರ ಅಗಲದ ಸರಿಯಾಗಿ ಎರಡರಷ್ಟು. ನೆಟ್ಟಗೆ ಮಾಡಿದ ಚಿತ್ರದಲ್ಲಿ ಅದೇ ಬಾಗಿಲನ್ನು Measure ಟೂಲಿನಿಂದ ಅಳೆದರೆ ಎತ್ತರ 764 ಪಿಕ್ಸೆಲ್, ಅಗಲ 495. ಎರಡರಷ್ಟು ಇರಬೇಕಾದದ್ದು ಒಂದೂವರೆಗೆ ಇಳಿದಿದೆ.

764ಕ್ಕೆ ಸರಿಹೊಂದುವ ಅಗಲ 382. ಈಗ ಇರೋದು 495. 382ನ್ನು 495ರಿಂದ ಭಾಗಿಸಿದರೆ 0.772. ಅಂದರೆ ಇಡೀ ಚಿತ್ರದ ಅಗಲವನ್ನು ನೂರಕ್ಕೆ 77.2ಕ್ಕೆ ಇಳಿಸಬೇಕು. Layer ಮೆನುವಿನ Scale Layer ತೆರೆದು, ಅಗಲ ಮತ್ತು ಎತ್ತರದ ನಡುವೆ ಇರುವ ಸರಪಳಿ ಗುರುತನ್ನು ಬಿಡಿಸಿ. ಅಗಲ ಮಾತ್ರ ಬದಲಿಸಿ: 6010 ಇದ್ದದ್ದು 4640 ಆಗುತ್ತೆ. ಎತ್ತರ 6000 ಹಾಗೇ ಇರಲಿ. ಎತ್ತರವನ್ನು ಹಿಗ್ಗಿಸಿದರೂ ಆಕಾರ ಸರಿಹೋಗುತ್ತೆ, ಆದರೆ ಇಲ್ಲದ ಪಿಕ್ಸೆಲ್ ಹುಟ್ಟಿಸಬೇಕಾಗುತ್ತೆ. ಹಾಗಾಗಿ ಅಗಲ ಕುಗ್ಗಿಸೋದೇ ನನಗೆ ಸರಿ ಕಾಣುತ್ತೆ. ಬಾಗಿಲನ್ನು ಮತ್ತೆ ಅಳೆದೆ: 764, 382. ಗೋಡೆಯ ಅಗಲ, ಎತ್ತರ ಕೂಡ 26ಕ್ಕೆ 41ರ ಲೆಕ್ಕಕ್ಕೆ ಬಂತು.

ಗೋಡೆಯಿಂದ ಮುಂದಕ್ಕೆ ಚಾಚಿದ ಬೋರ್ಡನ್ನು ಅಳೆದರೆ ಲೆಕ್ಕ ತಪ್ಪುತ್ತೆ. ಅದು ಗೋಡೆಗೆ ಸಮಾನಾಂತರವಾಗಿ ಇರೋದಿಲ್ಲ.

ಈಗ ಖಾಲಿ ಮೂಲೆ. ಇಲ್ಲಿ Crop to Content ಒತ್ತಿದರೆ ಮುಕ್ಕೋನ ಹೋಗೋದಿಲ್ಲ. ಅದು ನಾಲ್ಕೂ ಬದಿಯಲ್ಲಿ ಪೂರ್ತಿ ಖಾಲಿ ಇರುವ ಸಾಲುಗಳನ್ನು ಮಾತ್ರ ತೆಗೆಯುತ್ತೆ. ಮುಕ್ಕೋನದ ಪಕ್ಕದಲ್ಲಿ ಎಲ್ಲಾ ಸಾಲಿನಲ್ಲೂ ಸ್ವಲ್ಪ ಚಿತ್ರ ಇದ್ದೇ ಇದೆ. ಹಾಗಾಗಿ Crop ಟೂಲ್ ಹಿಡಿದು ಕೈಯಾರೆ ಚೌಕ ಎಳೆಯಬೇಕು.

ಚೌಕ ಎಲ್ಲಿಂದ ಶುರು ಮಾಡಬೇಕು ಅನ್ನೋದರಲ್ಲೇ ವಿಷಯ ಇದೆ. ತೀರಾ ಕೆಳಗಿನ ಸಾಲಿನಿಂದ ಶುರು ಮಾಡಿದರೆ ಅಲ್ಲಿ ಚಿತ್ರ ಇರೋದು ಸುಮಾರು 3090 ಪಿಕ್ಸೆಲ್ ಅಗಲ ಮಾತ್ರ. ಕಟ್ಟಡವೇ 2840 ಅಗಲ ಇದೆ. ಆಕಡೆ ಈಕಡೆ ಉಸಿರಾಡೋಕೂ ಜಾಗ ಇಲ್ಲ. ಆದರೆ ಕೆಳಗಿನ 865 ಪಿಕ್ಸೆಲ್ ಬರೀ ಒದ್ದೆ ರಸ್ತೆ. ಖಾಲಿ ಮೂಲೆ ಅತಿ ದಪ್ಪ ಇರೋದು ಅದೇ ರಸ್ತೆಯ ಪಕ್ಕದಲ್ಲಿ, ಮೇಲೆ ಹೋದ ಹಾಗೆಲ್ಲ ಅದು ಸಣ್ಣದಾಗುತ್ತೆ. ಕೆಳಗಿನಿಂದ 650 ಪಿಕ್ಸೆಲ್ ರಸ್ತೆ ಬಿಟ್ಟುಕೊಟ್ಟು ಚೌಕ ಶುರು ಮಾಡಿದೆ. ಅಲ್ಲಿ ಅಗಲ 3255 ಸಿಕ್ಕಿತು, ಕಟ್ಟಡದ ಎರಡೂ ಬದಿಗೆ 200ಕ್ಕಿಂತ ಜಾಸ್ತಿ ಪಿಕ್ಸೆಲ್ ಉಳಿಯಿತು. ಬುಡದಲ್ಲಿ ನಿಲ್ಲೋಕೆ ಸ್ವಲ್ಪ ರಸ್ತೆಯೂ ಇತ್ತು. Crop ಟೂಲಿನಲ್ಲಿ Fixed ಗುರುತು ಹಾಕಿ ಅನುಪಾತ 2:3 ಕೊಟ್ಟೆ. ಎತ್ತರ ಸುಮಾರು 4880 ಬಂತು, ತಾರಸಿಯ ಮೇಲೆ 190ರಷ್ಟು ಆಕಾಶ ಉಳಿಯಿತು. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 10 ಇಂಚು, 15 ಇಂಚಿನ ಪ್ರಿಂಟಿಗೆ ಧಾರಾಳ ಸಾಕು.

ಪಕ್ಕದ ಜಾಗ ಇಷ್ಟಾದರೂ ಉಳಿದದ್ದು ತೆಗೆಯುವಾಗಲೇ ಬಿಟ್ಟಿದ್ದರಿಂದ. ಬುಡದ ಎರಡೂ ಕಡೆ ಸುಮಾರು 285 ಪಿಕ್ಸೆಲ್ ಬಿಟ್ಟಿದ್ದೆ. ಚೌಕಟ್ಟು ತುಂಬಾ ಕಟ್ಟಡ ತುಂಬಿಸಿದ್ದರೆ ಗೋಡೆಯನ್ನೇ ಕತ್ತರಿಸಬೇಕಿತ್ತು. ಚಿತ್ರದ ಬೇರೆ ಭಾಗವನ್ನು ನಕಲು ಮಾಡಿ, ಅಂದರೆ ಕ್ಲೋನ್ ಮಾಡಿ, ಮೂಲೆ ತುಂಬಿಸುವವರೂ ಇದ್ದಾರೆ. ಬರೀ ರಸ್ತೆ, ಹುಲ್ಲು ಇದ್ದರೆ ನಾನು ಒಪ್ಪುತ್ತೇನೆ. ಪಕ್ಕದ ಮನೆಯ ಗೋಡೆಯನ್ನು ಹಾಗೆ ಹುಟ್ಟಿಸೋದು ನನಗೆ ಇಷ್ಟ ಇಲ್ಲ.

ಈ ಕೆಲಸಕ್ಕೂ ಮಿತಿ ಇದೆ. ಇದೇ ಲೆನ್ಸಿನಲ್ಲಿ 25 ಡಿಗ್ರಿ ವಾಲಿಸಿದರೆ ಮೇಲ್ತುದಿಯನ್ನು ಎರಡು ಪಟ್ಟಿಗಿಂತ ಜಾಸ್ತಿ ಹಿಗ್ಗಿಸಬೇಕಾಗುತ್ತೆ. ಮೇಲಿನ ಕಿಟಕಿಗಳು ಮಸುಕಾಗುತ್ತವೆ. ಅದಕ್ಕಿಂತ ಮುಖ್ಯವಾಗಿ, ಸಜ್ಜಾದ ಅಡಿಭಾಗ ಕೆಳಗಿನಿಂದ ನೋಡಿದ ಹಾಗೇ ಕಾಣುತ್ತೆ. ಗೋಡೆ ನೆಟ್ಟಗಿದ್ದು ಸಜ್ಜಾದ ಹೊಟ್ಟೆ ಕಂಡರೆ ಕಟ್ಟಡ ಮುಂದಕ್ಕೆ ಬಾಗಿದ ಹಾಗೆ ಅನಿಸುತ್ತೆ. ಅಂಥ ಚಿತ್ರದಲ್ಲಿ ನಾನು ಪೂರ್ತಿ ನೆಟ್ಟಗೆ ಮಾಡೋದಿಲ್ಲ, ಹತ್ತರಲ್ಲಿ ಒಂದು ಪಾಲು ಒರಗು ಉಳಿಸುತ್ತೇನೆ. ಸಾಧ್ಯವಾದರೆ ಎದುರು ಕಟ್ಟಡದ ಮೊದಲ ಮಹಡಿಗೆ ಹೋಗಿ ತೆಗೆಯುತ್ತೇನೆ, ಕ್ಯಾಮೆರಾ ಅಷ್ಟೊಂದು ವಾಲಿಸಬೇಕಾಗಿಲ್ಲ.

ನಮ್ಮ ಊರಿನಲ್ಲಿ ಉಲ್ಟಾ ಪ್ರಸಂಗವೂ ಬರುತ್ತೆ. ಮೇಲಿನ ರಸ್ತೆಯಲ್ಲಿ ನಿಂತು ಕೆಳಗಿನ ಹೋಂಸ್ಟೇಯನ್ನು ತೆಗೆದರೆ ಗೋಡೆಗಳು ಕೆಳಗೆ ಹೋಗ್ತಾ ಹತ್ತಿರ ಬರುತ್ತವೆ. ಆಗ ಬಲೆಯ ಕೆಳಗಿನ ಮೂಲೆಗಳನ್ನು ಒಳಕ್ಕೆ ತರಬೇಕು, ಖಾಲಿ ಮುಕ್ಕೋನ ಬರೋದು ಮೇಲೆ, ಆಕಾಶದಲ್ಲಿ. ಒಂದು ಜೂನ್ ತಿಂಗಳಲ್ಲಿ ಹಾಗೇ ತೆಗೆದ ಚಿತ್ರದಲ್ಲಿ ಆಕಾಶ ಪೂರ್ತಿ ಮಂಜು. ಕ್ರಾಪ್ ಮಾಡುವಾಗ ಒಂದು ಮೂಲೆಯ ಸಣ್ಣ ಮುಕ್ಕೋನ ಒಳಗೇ ಉಳಿದಿತ್ತು. ಜೆಪೆಗ್ ಮಾಡಿದಾಗ ಖಾಲಿ ಜಾಗಕ್ಕೆ ಹಿನ್ನೆಲೆ ಬಣ್ಣ ತುಂಬುತ್ತೆ, ನನ್ನಲ್ಲಿ ಅದು ಬಿಳಿ. ಪರದೆಯ ಮೇಲೆ ಮಂಜೂ ಬಿಳಿ, ಮೂಲೆಯೂ ಬಿಳಿ. ಎಂಟು ಅಡಿಯ ಫ್ಲೆಕ್ಸ್ ಬಂದಾಗ ಬೂದು ಮಂಜಿನ ಪಕ್ಕದಲ್ಲಿ ಒಂದು ಓರೆ ಗೆರೆ ಎದ್ದು ಕಂಡಿತು. ಫ್ಲೆಕ್ಸ್ ಮತ್ತೆ ಮಾಡಿಸಬೇಕಾಯಿತು.

ಅವತ್ತಿನಿಂದ ನೆಟ್ಟಗೆ ಮಾಡಿದ ಕೂಡಲೇ ಚಿತ್ರದ ಕೆಳಗೆ ಒಂದು ಹೊಸ ಲೇಯರ್ ಇಟ್ಟು ಗಾಢ ಗುಲಾಬಿ ಬಣ್ಣ ತುಂಬುತ್ತೇನೆ. ಕ್ರಾಪ್ ಆದ ಮೇಲೆ ನಾಲ್ಕೂ ಮೂಲೆಯನ್ನು ನೂರಕ್ಕೆ ನೂರು ದೊಡ್ಡದು ಮಾಡಿ ನೋಡುತ್ತೇನೆ. ಒಂದು ಪಿಕ್ಸೆಲ್ ಗುಲಾಬಿ ಕಂಡರೂ ಚೌಕವನ್ನು ಇನ್ನಷ್ಟು ಒಳಕ್ಕೆ ತರುತ್ತೇನೆ.