ಕೋರಿ ರೊಟ್ಟಿ ಕಾಂಬೋ: 14 ಇದ್ದದ್ದು 8 ಆಗುವ ಲೆಕ್ಕ

ಮಂಗಳೂರಿನ ಒಂದು ಅಂಗಡಿ ಆನ್‌ಲೈನಿನಲ್ಲಿ ಕೋರಿ ರೊಟ್ಟಿ ಕಾಂಬೋ ಮಾರುತ್ತದೆ ಅಂದುಕೊಳ್ಳಿ. ಒಂದು ಕಾಂಬೋಗೆ ಎರಡು ಪ್ಯಾಕೆಟ್ ರೊಟ್ಟಿ, ಒಂದು ಪ್ಯಾಕೆಟ್ ಗಸಿ ಮಸಾಲೆ, ಅರ್ಧ ಲೀಟರಿನ ಒಂದು ಬಾಟಲಿ ತೆಂಗಿನೆಣ್ಣೆ. ಮೂರೂ ಬಿಡಿಯಾಗಿಯೂ ಸಿಗುತ್ತವೆ. ಹೆಚ್ಚಿನವರು ಮೊದಲು ಎಡವುವುದು ಇಲ್ಲೇ: ಕಾಂಬೋಗೆ ಹೊಸ ಐಟಂ ಕೋಡ್ ಮಾಡಿ, ಅದರ ಎದುರು 'ಸ್ಟಾಕ್ 20' ಎಂದು ಕೈಯಾರೆ ತುಂಬಿಬಿಡುತ್ತಾರೆ. ಆ 20 ಯಾವ ಕಪಾಟಿನಲ್ಲೂ ಇಲ್ಲ. ಕಾಂಬೋ ಮಾರಿದರೆ 20 ಇಳಿಯುತ್ತದೆ, ರೊಟ್ಟಿಯ ಲೆಕ್ಕ ಇದ್ದಲ್ಲೇ ಇರುತ್ತದೆ. ಎರಡು ವಾರದೊಳಗೆ ಇಲ್ಲದ ರೊಟ್ಟಿಗೆ ಯಾರೋ ದುಡ್ಡು ಕಟ್ಟಿರುತ್ತಾರೆ.

ಆರ್ಡರ್ ಬಂದ ಮೇಲೆ ಜೋಡಿಸುವ ಕಾಂಬೋಗೆ ಸ್ವಂತ ಸ್ಟಾಕ್ ಇಡಬಾರದು, ಸಾಮಾನಿನ ಪಟ್ಟಿ ಮಾತ್ರ ಇಡಬೇಕು. ಪ್ರತಿ ಬಿಡಿ ಸಾಮಾನನ್ನೂ ಕಾಂಬೋಗೆ ಬೇಕಾದಷ್ಟರಿಂದ ಭಾಗಿಸಿ, ಬಂದವುಗಳಲ್ಲಿ ಅತಿ ಕಡಿಮೆಯದನ್ನು ತೋರಿಸಬೇಕು. ಸ್ಪ್ರೆಡ್‌ಶೀಟಿನಲ್ಲಾದರೆ B ಕಾಲಮಿನಲ್ಲಿ ಇರುವಷ್ಟು, C ಕಾಲಮಿನಲ್ಲಿ ಬೇಕಾದಷ್ಟು:

```
=MIN(INT(B2/C2),INT(B3/C3),INT(B4/C4))
```

B ಎಂದರೆ ಕಪಾಟಿನಲ್ಲಿ ಕಾಣುವಷ್ಟಲ್ಲ. ಆರ್ಡರ್ ಆಗಿ ಇನ್ನೂ ಪ್ಯಾಕ್ ಆಗದ್ದನ್ನೂ, ಮಳೆಗಾಲದಲ್ಲಿ ತೇವ ಹಿಡಿದು ಮೆತ್ತಗಾದ ರೊಟ್ಟಿಯನ್ನೂ ಕಳೆದು ಉಳಿದದ್ದು.

ರೊಟ್ಟಿ 46, ಮಸಾಲೆ 30, ಎಣ್ಣೆ 19 ಇದೆ ಎನ್ನಿ. ರೊಟ್ಟಿಯಿಂದ 23 ಕಾಂಬೋ ಆದೀತು, ಮಸಾಲೆಯಿಂದ 30, ಎಣ್ಣೆಯಿಂದ 19. ಗಿರಾಕಿಗೆ ಕಾಣಬೇಕಾದದ್ದು 19. ಐದು ಕಾಂಬೋ ಹೋದವು. ಈಗ ರೊಟ್ಟಿ 36, ಮಸಾಲೆ 25, ಎಣ್ಣೆ 14, ಕಾಂಬೋ 14. ಅಷ್ಟರಲ್ಲಿ ಯಾರೋ ಸಮಾರಂಭಕ್ಕೆಂದು ಬರೀ ರೊಟ್ಟಿಯನ್ನೇ 20 ಪ್ಯಾಕೆಟ್ ಕೊಂಡರು. ರೊಟ್ಟಿ 16ಕ್ಕೆ ಇಳಿಯಿತು, ಒಂದು ಕಾಂಬೋ ಕೂಡ ಮಾರದೆ ಕಾಂಬೋ 14ರಿಂದ 8ಕ್ಕೆ ಬಂತು. ಇದುವರೆಗೆ ಎಣ್ಣೆ ತಡೆಯುತ್ತಿತ್ತು, ಈಗ ರೊಟ್ಟಿ ತಡೆಯುತ್ತಿದೆ. ಎಣ್ಣೆ ತರಿಸಲು ಹೊರಟವರು ಒಮ್ಮೆ ನಿಂತು ನೋಡಬೇಕಾದದ್ದು ಇದನ್ನು.

ಅದೇ ಎಣ್ಣೆ ಇನ್ನೊಂದು ಕಾಂಬೋದಲ್ಲೂ ಇದ್ದರೆ? ಒಂದು ಬಾಟಲಿ ಎಣ್ಣೆಗೆ ಎರಡು ಕಟ್ಟು ಹಲಸಿನ ಹಪ್ಪಳ, ಹಪ್ಪಳ ಧಾರಾಳವಾಗಿದೆ. ಈಗ ಬಿಡಿ ಎಣ್ಣೆ 14, ಹಪ್ಪಳದ ಕಾಂಬೋ 14, ರೊಟ್ಟಿಯ ಕಾಂಬೋ 8 ಎಂದು ಮೂರು ಕಡೆ ಕಾಣುತ್ತದೆ. ಕೂಡಿದರೆ 36 ಬಾಟಲಿ, ಇರುವುದು 14. ಇದರಲ್ಲಿ ತಪ್ಪಿಲ್ಲ, ಒಂದು ಮಾರಿದ ಕೂಡಲೇ ಮೂರೂ ಅಂಕಿ ಹೊಸದಾಗಿ ಲೆಕ್ಕವಾಗುವುದಾದರೆ. ಆದರೆ ಬೇರೆ ಮಾರಾಟ ತಾಣಗಳಿಗೆ ಸ್ಟಾಕ್ ಹೋಗುವುದು ಕಾಲು ಗಂಟೆಗೊಮ್ಮೆ ಎಂದಾದರೆ, ಆ ಕಾಲು ಗಂಟೆಯಲ್ಲೇ ಎಡವಟ್ಟಾಗುತ್ತದೆ. ಅದಕ್ಕೇ ಮೂರು ಬಾಟಲಿ ಕಾಯ್ದಿಡುತ್ತಾರೆ. ಆ ಮೂರನ್ನು ಕಾಂಬೋದ ಅಂಕಿಯಿಂದ ಕಳೆದರೆ ಪ್ರಯೋಜನವಿಲ್ಲ, ಬಿಡಿ ಎಣ್ಣೆಯ ಪುಟದಿಂದ ಅದು ಖಾಲಿಯಾಗಿಬಿಡುತ್ತದೆ. ಎಣ್ಣೆಯ ಲೆಕ್ಕದಿಂದಲೇ ಕಳೆಯಬೇಕು: ಆಗ 11, 11, 8.

ಹಬ್ಬದ ಮುಂಚೆ ಪೆಟ್ಟಿಗೆಗೆ ತುಂಬಿಟ್ಟುಬಿಡುವವರ ಲೆಕ್ಕ ಬೇರೆ. ಹತ್ತು ಪೆಟ್ಟಿಗೆ ಕಟ್ಟಿದ ದಿನವೇ ರೊಟ್ಟಿಯಿಂದ 20, ಮಸಾಲೆಯಿಂದ 10, ಎಣ್ಣೆಯಿಂದ 10 ಇಳಿಸಿ, ಪೆಟ್ಟಿಗೆಯ ಸ್ಟಾಕ್ 10 ಏರಿಸಬೇಕು. ಮಾರಿದಾಗ ಪೆಟ್ಟಿಗೆ ಮಾತ್ರ ಇಳಿಯಬೇಕು. ಹಳೆಯ ಸಾಮಾನಿನ ಪಟ್ಟಿಯನ್ನು ತೆಗೆಯದೆ ಬಿಟ್ಟಿದ್ದರೆ ಮಾರಾಟದ ಹೊತ್ತಿಗೆ ಬಿಡಿ ಸಾಮಾನು ಎರಡನೇ ಸಲ ಇಳಿಯುತ್ತದೆ. ಇದನ್ನು ಹಿಡಿಯುವುದು ಸುಲಭ: ಎಣಿಸಿದಾಗ ಕಂಪ್ಯೂಟರಿಗಿಂತ ಕಪಾಟಿನಲ್ಲಿ ರೊಟ್ಟಿ 12, ಮಸಾಲೆ 6, ಎಣ್ಣೆ 6 ಹೆಚ್ಚಿಗೆ ಸಿಗುತ್ತದೆ. ಎರಡಕ್ಕೆ ಒಂದು, ಒಂದು, ಪಟ್ಟಿಯದ್ದೇ ಪ್ರಮಾಣ. ಆರು ಪೆಟ್ಟಿಗೆ ಮಾರಿದೆ ಎಂದು ಬಿಲ್ಲು ನೋಡದೆಯೇ ಹೇಳಬಹುದು. ಕಳ್ಳತನವಾಗಲಿ ಎಣಿಕೆಯ ತಪ್ಪಾಗಲಿ ಇಷ್ಟು ಅಚ್ಚುಕಟ್ಟಾಗಿ ಇರುವುದಿಲ್ಲ. ಇನ್ನೊಂದು, ತುಂಬಿಟ್ಟ ಪೆಟ್ಟಿಗೆಯ ಬಾಳಿಕೆ ಅದರೊಳಗೆ ಮೊದಲು ಅವಧಿ ಮುಗಿಯುವ ಸಾಮಾನಿನಷ್ಟೇ.

ವಾಪಸ್ ಬಂದದ್ದನ್ನು 'ಕಾಂಬೋ 1' ಎಂದು ಸೇರಿಸಬೇಡಿ, ಬಿಡಿಸಿ ನೋಡಿ. ಮೊದಲು ಹೋದ ಐದರಲ್ಲಿ ಒಂದು ವಾಪಸಾಯಿತು, ದಾರಿಯಲ್ಲಿ ಒಂದು ರೊಟ್ಟಿ ಪ್ಯಾಕೆಟ್ ಪುಡಿಯಾಗಿದೆ, ಉಳಿದದ್ದು ಸರಿಯಿದೆ. ಪುಡಿಯಾದದ್ದು ಹಾಳಾದ ಮಾಲಿನ ಲೆಕ್ಕಕ್ಕೆ. ಮಸಾಲೆ 26, ಎಣ್ಣೆ 15, ರೊಟ್ಟಿ 17. ಪರದೆಯ ಮೇಲೆ ಕಾಂಬೋ ಆಗಲೂ 8ರಲ್ಲೇ ನಿಂತಿರುತ್ತದೆ. ಹದಿನೇಳನೆಯ ಪ್ಯಾಕೆಟ್ಟಿಗೆ ಇನ್ನೊಂದು ಜೊತೆ ಬಂದರೆ ಮಾತ್ರ 9.