ಅಣಬೆ ನೀರು ಬಿಟ್ಟುಕೊಳ್ಳದೆ ಕೆಂಪಗೆ ಹುರಿಯಬೇಕಾದರೆ

ತುಮಕೂರಿನ ನನ್ನ ಅಡುಗೆ ತರಗತಿಗೆ ಬರುವವರಲ್ಲಿ ಹೆಚ್ಚಿನವರ ದೂರು ಒಂದೇ. ಹೋಟೆಲಿನ ಪೆಪ್ಪರ್ ಫ್ರೈನಲ್ಲಿ ಅಣಬೆಯ ಅಂಚು ಕೆಂಪಗೆ, ಒಳಗೆ ಮಾಂಸಲವಾಗಿ ಇರುತ್ತದೆ. ಮನೆಯಲ್ಲಿ ಮಾಡಿದರೆ ಬೂದು ಬಣ್ಣದ ಹೋಳುಗಳು ನೀರಿನಲ್ಲಿ ಈಜುತ್ತವೆ. ಮಸಾಲೆಯನ್ನೋ ಅಣಬೆಯ ತಾಜಾತನವನ್ನೋ ಬೈಯುವ ಮೊದಲು ಒಂದು ಲೆಕ್ಕ ನೋಡಿ. 200 ಗ್ರಾಂ ಬಟನ್ ಅಣಬೆಯಲ್ಲಿ ಸುಮಾರು 180 ಗ್ರಾಂ ಬರೀ ನೀರು.

ಬಾಣಲೆಯ ತಳದಲ್ಲಿ ನೀರು ನಿಂತಿರುವವರೆಗೆ ಅಲ್ಲಿನ ಶಾಖ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಉರಿ ಎಷ್ಟೇ ಜೋರು ಮಾಡಿದರೂ ಆ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಆದರೆ ಅಣಬೆ ಕೆಂಪಗಾಗಿ ಹುರಿದ ಪರಿಮಳ ಬರಬೇಕಾದರೆ ಅದರ ಮೈ 140 ಡಿಗ್ರಿ ದಾಟಬೇಕು. ಅಂದರೆ ನೀರು ಹೋಗುವವರೆಗೆ ನಾವು ಮಾಡುತ್ತಿರುವುದು ಬೇಯಿಸುವ ಕೆಲಸ, ಹುರಿಯುವ ಕೆಲಸ ಇನ್ನೂ ಶುರುವೇ ಆಗಿಲ್ಲ. ತಣ್ಣನೆಯ ನೀರನ್ನು ಕುದಿಸಲು ಬೇಕಾಗುವ ಶಾಖಕ್ಕಿಂತ ಆ ಕುದಿಯುವ ನೀರನ್ನು ಪೂರ್ತಿ ಆವಿ ಮಾಡಲು ಸುಮಾರು ಏಳು ಪಟ್ಟು ಶಾಖ ಬೇಕು. ಮನೆಯ ಗ್ಯಾಸ್ ಒಲೆಯ ಸಣ್ಣ ಬರ್ನರ್ ಎಡವುವುದು ಇಲ್ಲೇ. ಹೊರಬರುವ ನೀರಿನ ವೇಗಕ್ಕೆ ಅದರ ಉರಿ ಸಾಲುವುದಿಲ್ಲ.

ಕ್ಯಾತ್ಸಂದ್ರದ ಕಡೆಯಿಂದ ಬರುವ ಒಬ್ಬರು, "ಅಣ್ಣ, ನಮ್ಮನೇಲಿ ಮಾತ್ರ ಯಾಕೆ ಹಿಂಗಾಗುತ್ತೋ ಗೊತ್ತಿಲ್ಲ, ನೀವೇ ನೋಡಿ" ಅಂದರು. ಮನೆಯಲ್ಲಿ ಹೇಗೆ ಮಾಡುತ್ತೀರೋ ಹಾಗೆಯೇ ಇಲ್ಲೂ ಮಾಡಿ ಅಂದೆ. ಅವರು ಎರಡು ಡಬ್ಬಿ ಅಣಬೆ, ಅಂದರೆ 400 ಗ್ರಾಂ, ಒಂದೇ ಸಲ ಸಣ್ಣ ನಾನ್‌ಸ್ಟಿಕ್ ಬಾಣಲೆಗೆ ಸುರಿದರು. ಎಣ್ಣೆ ಇನ್ನೂ ಸರಿಯಾಗಿ ಕಾದಿರಲಿಲ್ಲ. ಮೇಲೆ ಉಪ್ಪು, ಅರಿಶಿನ ಉದುರಿಸಿ, ಒಂದು ಸಲ ಕೈಯಾಡಿಸಿ, ಮುಚ್ಚಳ ಮುಚ್ಚಿದರು. ಐದು ನಿಮಿಷದಲ್ಲಿ ಅಣಬೆ ಅರ್ಧಕ್ಕೆ ಕುಗ್ಗಿ, ಸುತ್ತ ನೀರು ನಿಂತಿತ್ತು. ಮುಚ್ಚಳದ ಒಳಗೆ ಕಟ್ಟಿದ್ದ ಹನಿಗಳು ತೊಟ್ಟಿಕ್ಕಿ ಮತ್ತೆ ಬಾಣಲೆಗೇ ಬೀಳುತ್ತಿದ್ದವು.

ಹಾಗೇ ಇನ್ನೆರಡು ಡಬ್ಬಿ ತೆಗೆದುಕೊಂಡು ಮತ್ತೆ ಮಾಡಿದೆವು. ಅಣಬೆಯನ್ನು ಜರಡಿಯಲ್ಲಿಟ್ಟು ನಲ್ಲಿಯ ಕೆಳಗೆ ಚಕಚಕನೆ ತೊಳೆದು, ಬಟ್ಟೆಯ ಮೇಲೆ ಹರಡಿ ಒರೆಸಿದೆವು. ಅಣಬೆ ತೊಳೆಯಲೇಬಾರದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮಣ್ಣು ಮೆತ್ತಿಕೊಂಡಿರುವಾಗ ತೊಳೆಯಲೇಬೇಕು, ಅಷ್ಟರಲ್ಲಿ ಅದು ಹೀರುವ ನೀರು ತೀರ ಕಡಿಮೆ. ನೀರಿನಲ್ಲಿ ನೆನೆಹಾಕಬಾರದು, ಮೈಮೇಲಿನ ತೇವ ಒರೆಸದೆ ಬಿಡಬಾರದು, ಅಷ್ಟೇ. ಆಮೇಲೆ ಒಂದೊಂದನ್ನೂ ಕಿರುಬೆರಳಿನ ಅರ್ಧ ಗಾತ್ರದಷ್ಟು ದಪ್ಪಕ್ಕೆ ಹೆಚ್ಚಿಕೊಂಡೆವು. ತೀರ ತೆಳ್ಳಗೆ ಹೆಚ್ಚಿದರೆ ಕೆಂಪಾಗುವಷ್ಟರಲ್ಲಿ ಒಣಗಿ ಹೋಗುತ್ತದೆ.

ದೋಸೆ ಹುಯ್ಯುವ ಅಗಲದ ಕಬ್ಬಿಣದ ಬಾಣಲೆಯನ್ನು ದೊಡ್ಡ ಬರ್ನರಿನ ಮೇಲಿಟ್ಟೆವು. ಒಂದು ಹನಿ ನೀರು ಚಿಮುಕಿಸಿದರೆ ಚುಯ್ಯೆಂದು ತಕ್ಷಣ ಆರಿಹೋಗಬೇಕು, ಆಗ ಒಂದೂವರೆ ಚಮಚ ಕಡಲೆಕಾಯಿ ಎಣ್ಣೆ. ನಾನ್‌ಸ್ಟಿಕ್ ಆದರೆ ಖಾಲಿ ಬಾಣಲೆಯನ್ನು ಹೀಗೆ ಕಾಯಿಸಬೇಡಿ. ಎಣ್ಣೆ ಹಾಕಿಯೇ ಕಾಯಿಸಿ, ಹೊಗೆ ಬರುವವರೆಗೆ ಬಿಡಬೇಡಿ. ಬೆಣ್ಣೆಯಲ್ಲಿ ಶುರು ಮಾಡಬಾರದು, ಅದರಲ್ಲಿನ ಹಾಲಿನ ಅಂಶ ಈ ಉರಿಗೆ ಸೀದು ಕಪ್ಪಾಗುತ್ತದೆ. ಬೆಣ್ಣೆಯ ರುಚಿ ಬೇಕಿದ್ದರೆ ಇಳಿಸುವ ಮುಂಚೆ ಹಾಕಿಕೊಳ್ಳಿ.

ಮೊದಲು 200 ಗ್ರಾಂ ಮಾತ್ರ ಹಾಕಿದೆವು, ಹೋಳಿನ ಮೇಲೆ ಹೋಳು ಕೂರದಂತೆ. ನಡುನಡುವೆ ಬಾಣಲೆಯ ತಳ ಕಾಣಬೇಕು. ಆ ಸಂದಿಯಿಂದಲೇ ಆವಿ ಹೊರಗೆ ಹೋಗುವುದು. ಅಣಬೆ ಒತ್ತೊತ್ತಾಗಿ ತುಂಬಿದ್ದರೆ ಕೆಳಗಿನ ಹೋಳಿನಿಂದ ಎದ್ದ ಆವಿ ಮೇಲಿನ ಹೋಳಿಗೆ ಬಡಿದು ಅಲ್ಲೇ ತಂಪಾಗಿ ನೀರಾಗುತ್ತದೆ. ಜೊತೆಗೆ ಅಷ್ಟೊಂದು ತಣ್ಣನೆಯ ಅಣಬೆ ಒಮ್ಮೆಗೇ ಬಿದ್ದರೆ ಕಾದ ಬಾಣಲೆಯೂ ತಣ್ಣಗಾಗಿಬಿಡುತ್ತದೆ.

ಹಾಕಿದ ಮೇಲೆ ಎರಡು ಮೂರು ನಿಮಿಷ ಮುಟ್ಟಬಾರದು. ಈ ಹೊತ್ತಿನಲ್ಲಿ ಕಿವಿ ಕೊಡಿ. ಮೊದಲು ಜೋರಾಗಿ ಚುಯ್‌ಗುಟ್ಟುತ್ತದೆ. ನೀರು ಹೊರಬಂದು ನಿಂತರೆ ಆ ಸದ್ದು ಮೆತ್ತಗಾಗಿ ಗುಳುಗುಳು ಎನ್ನುತ್ತದೆ, ಅಂದರೆ ಉರಿ ಸಾಲುತ್ತಿಲ್ಲ, ಇಲ್ಲವೇ ಅಣಬೆ ಜಾಸ್ತಿಯಾಗಿದೆ. ನೀರು ಆರಿದ ಮೇಲೆ ಸದ್ದು ಬದಲಾಗಿ ಎಣ್ಣೆಯ ಚಟಪಟ ಕೇಳುತ್ತದೆ, ಹಬೆ ಕಡಿಮೆಯಾಗುತ್ತದೆ. ಆಗ ಒಂದು ಹೋಳನ್ನು ಎತ್ತಿ ನೋಡಿ. ಕೆಳಭಾಗ ಜೇನಿನ ಬಣ್ಣಕ್ಕೆ ತಿರುಗಿದ್ದರೆ ಮಗುಚಿ. ತಳಕ್ಕೆ ಅಂಟಿಕೊಂಡು ಏಳದಿದ್ದರೆ ಇನ್ನರ್ಧ ನಿಮಿಷ ಬಿಡಿ. ನಮಗೆ ಒಂದು ಕಂತಿಗೆ ಏಳೆಂಟು ನಿಮಿಷ ಹಿಡಿಯಿತು. ಅದನ್ನು ತಟ್ಟೆಗೆ ತೆಗೆದು ಉಳಿದ 200 ಗ್ರಾಂ ಹುರಿದೆವು. ಎರಡು ಕಂತಿನ ಕೆಲಸ ಅಂತ ಬೇಸರಪಡಬೇಡಿ. ಒಟ್ಟಿಗೆ ಹಾಕಿ ನೀರು ಇಂಗಲಿ ಎಂದು ಕಾಯುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು.

ಉಪ್ಪು ಹಾಕಿದ್ದು ಎರಡೂ ಬದಿ ಕೆಂಪಾದ ಮೇಲೆ. ಹಸಿ ಅಣಬೆಯ ಮೇಲೆ ಉಪ್ಪು ಬಿದ್ದರೆ ಅದು ಒಳಗಿನ ನೀರನ್ನು ಬೇಗ ಹೊರಗೆಳೆಯುತ್ತದೆ. ಅಗಲದ ಬಾಣಲೆ, ಜೋರು ಉರಿ ಇದ್ದರೆ ಆ ನೀರು ಬಂದ ಹಾಗೇ ಆವಿಯಾಗುವುದರಿಂದ ನಷ್ಟವಿಲ್ಲ. ಸಣ್ಣ ಉರಿಯಲ್ಲಿ ಮಾತ್ರ ಅದು ಮಡುಗಟ್ಟುತ್ತದೆ. ಕೊನೆಗೆ ಹಾಕಿ ಎನ್ನುವುದಕ್ಕೆ ನನ್ನ ಮಟ್ಟಿಗೆ ಇನ್ನೂ ಬಲವಾದ ಕಾರಣ ಒಂದಿದೆ. ಹಸಿ ಅಣಬೆಯ ಗುಡ್ಡೆ ನೋಡಿ ಅಂದಾಜು ಮಾಡಿದ ಉಪ್ಪು, ಅದು ಹುರಿದು ಒಂದು ಹಿಡಿಯಾದಾಗ ಬಾಯಿಗೆ ಇಡಲಾಗದಷ್ಟು ಆಗಿರುತ್ತದೆ. 200 ಗ್ರಾಂಗೆ ಕಾಲು ಟೀ ಚಮಚದಿಂದ ಶುರು ಮಾಡಿ ರುಚಿ ನೋಡಿಕೊಳ್ಳಿ. ಸೋಯಾ ಸಾಸ್ ಹಾಕುವವರು ಅದರಲ್ಲಿ ಉಪ್ಪೂ ನೀರೂ ಎರಡೂ ಇವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಈರುಳ್ಳಿಯೂ ನೀರು ಬಿಡುವ ಪದಾರ್ಥವೇ. ಪೆಪ್ಪರ್ ಫ್ರೈಗೆ ಈರುಳ್ಳಿ, ಕರಿಬೇವನ್ನು ಅದೇ ಬಾಣಲೆಯಲ್ಲಿ ಬೇರೆಯಾಗಿ ಹುರಿದುಕೊಂಡು, ಬೆಳ್ಳುಳ್ಳಿ ಹಾಕಿ ಅರ್ಧ ನಿಮಿಷ ಬಿಟ್ಟು, ಆಮೇಲೆ ಹುರಿದ ಅಣಬೆ, ಉಪ್ಪು, ಕುಟ್ಟಿದ ಮೆಣಸು ಸೇರಿಸಿ. ಎಲ್ಲ ಸೇರಿದ ಮೇಲೆ ಒಂದು ನಿಮಿಷ ಸಾಕು. ಮುಚ್ಚಳ ಬೇಡ.

ಆಗಲೇ ನೀರು ಬಿಟ್ಟುಬಿಟ್ಟಿದ್ದರೂ ಅಣಬೆ ಕೆಟ್ಟಿತು ಅಂದುಕೊಳ್ಳಬೇಡಿ. ತರಕಾರಿಯ ಹಾಗೆ ಅದು ಬೆಂದಷ್ಟೂ ಕರಗಿ ಮುದ್ದೆಯಾಗುವುದಿಲ್ಲ. ಅದರ ಕೋಶಗಳ ಗೋಡೆಯಲ್ಲಿರುವ ಕೈಟಿನ್ ಶಾಖಕ್ಕೆ ಜಗ್ಗುವ ವಸ್ತುವಲ್ಲ. ಕ್ಯಾತ್ಸಂದ್ರದವರ ಮೊದಲ ಬಾಣಲೆಯ ನೀರನ್ನು ಒಂದು ಲೋಟಕ್ಕೆ ಬಸಿದಿಟ್ಟು, ಅಣಬೆಯನ್ನು ಕಬ್ಬಿಣದ ಬಾಣಲೆಯಲ್ಲಿ ಎರಡು ಕಂತಾಗಿ ಹರಡಿ, ಸ್ವಲ್ಪ ಎಣ್ಣೆ ಬಿಟ್ಟು ಹುರಿದೆವು. ಆಗಲೇ ಕುಗ್ಗಿದ್ದರಿಂದ ಎಣ್ಣೆ ಹೆಚ್ಚು ಹೀರಲಿಲ್ಲ, ಚೆನ್ನಾಗಿಯೇ ಕೆಂಪಾಯಿತು. ಬಸಿದ ನೀರಿನಲ್ಲಿ ಅಣಬೆಯ ಸಾರವೆಲ್ಲ ಇರುತ್ತದೆ. ಅದನ್ನು ಕೊನೆಯಲ್ಲಿ ಬಾಣಲೆಗೇ ಹಾಕಿ ಇಂಗಿಸಬಹುದು, ಇಲ್ಲವೇ ಸಾರಿಗೆ ಬಳಸಬಹುದು.

ಮನೆಯ ಸಮಾರಂಭಕ್ಕೆ ಎರಡು ಮೂರು ಕೆಜಿ ಮಾಡುವಾಗ ನಾನು ಬೇಕೆಂದೇ ಈ ದಾರಿ ಹಿಡಿಯುತ್ತೇನೆ. ಅಷ್ಟನ್ನೂ ಹಸಿಯಾಗಿ ಕಂತುಕಂತಾಗಿ ಹುರಿಯುತ್ತ ಕೂತರೆ ಊಟದ ಹೊತ್ತು ಮೀರುತ್ತದೆ. ಅಗಲವಾದ ಪಾತ್ರೆಯಲ್ಲಿ ಸ್ವಲ್ಪವೇ ಉಪ್ಪು ಹಾಕಿ ನೀರು ಬಿಡಿಸಿ, ಬಸಿದು, ಆಮೇಲೆ ದೋಸೆ ಕಾವಲಿಯ ಮೇಲೆ ಹರಡಿ ಹುರಿಯುತ್ತೇನೆ. ಚಿಪ್ಪು ಅಣಬೆಗೆ ಇದು ಬೇಕಿಲ್ಲ. ಅದು ತೆಳ್ಳಗಿರುವುದರಿಂದ, ಎಳೆ ಎಳೆಯಾಗಿ ಹರಿದು ನೇರವಾಗಿ ಕಾದ ಕಾವಲಿಗೆ ಹಾಕಿದರೆ ಐದಾರು ನಿಮಿಷದಲ್ಲಿ ಅಂಚು ಗರಿಗರಿಯಾಗುತ್ತದೆ. ಮುದ್ದೆಗೆಂದು ಅಣಬೆ ಸಾರು ಮಾಡುವುದಾದರೆ ಅರ್ಧ ಅಣಬೆಯನ್ನು ಸಾರಿನಲ್ಲೇ ಕುದಿಸಿ, ಉಳಿದರ್ಧವನ್ನು ಹೀಗೆ ಹುರಿದು ಒಲೆಯಿಂದ ಇಳಿಸುವಾಗ ಸೇರಿಸಿ.